ಹದಿನೈದಕ್ಕೊಂದು, ₹1,257ಕ್ಕೆ: ರಿಲಯನ್ಸ್ ರೈಟ್ಸ್‌ನಲ್ಲಿ ಒಂದು ಹಕ್ಕಿನ ಬೆಲೆ ಎಷ್ಟಿತ್ತು?

2020ರ ಏಪ್ರಿಲ್ 30. ದೇಶವೆಲ್ಲ ಲಾಕ್‌ಡೌನ್‌ನಲ್ಲಿತ್ತು. ಆ ದಿನ ರಿಲಯನ್ಸ್ ಇಂಡಸ್ಟ್ರೀಸ್ ತನ್ನ ತ್ರೈಮಾಸಿಕ ಫಲಿತಾಂಶದ ಜೊತೆಗೇ ಒಂದು ರೈಟ್ಸ್ ಇಶ್ಯೂ, ಅಂದರೆ ಈಗಿರುವ ಷೇರುದಾರರಿಗೇ ಹೊಸ ಷೇರು ಕೊಳ್ಳುವ ಹಕ್ಕು ಕೊಡುವ ಯೋಜನೆ, ಘೋಷಿಸಿತು. ಹದಿನೈದು ಷೇರು ಇದ್ದವರಿಗೆ ಒಂದು ಹೊಸ ಷೇರು, ಬೆಲೆ ₹1,257. ಒಟ್ಟು ಮೊತ್ತ ₹53,124.20 ಕೋಟಿ. ಅಲ್ಲಿಯವರೆಗೆ ಭಾರತದಲ್ಲಿ ಇಷ್ಟು ದೊಡ್ಡ ರೈಟ್ಸ್ ಇಶ್ಯೂ ಆಗಿರಲಿಲ್ಲ.

ಆ ದಿನ ಮಾರುಕಟ್ಟೆಯಲ್ಲಿ ಷೇರು ಸುಮಾರು ₹1,467ಕ್ಕೆ ಮುಗಿದಿತ್ತು. ಅಂದರೆ ಹೊಸ ಷೇರು ಶೇ 14ರಷ್ಟು ಕಡಿಮೆ ಬೆಲೆಗೆ ಸಿಗುತ್ತಿತ್ತು. ‘ಒಂದು ಷೇರಿಗೆ ₹210 ಲಾಭ’ ಅನ್ನೋ ಮಾತು ಕೂಡಲೇ ಹಬ್ಬಿತು. ಈ ₹210 ಲಾಭವೇ ಅಲ್ಲ. ಹಾಗಾದರೆ ಷೇರುದಾರರ ಕೈಗೆ ನಿಜವಾಗಿ ಬಂದದ್ದೇನು, ಅದಕ್ಕೆ ಬೆಲೆ ಕಟ್ಟೋದು ಹೇಗೆ ಅನ್ನೋದು ಈ ಪ್ರಕರಣದ ವಿಷಯ. ರಿಲಯನ್ಸ್ ಉದಾಹರಣೆಯನ್ನೇ ಆರಿಸಿಕೊಂಡಿದ್ದಕ್ಕೆ ಎರಡು ಕಾರಣಗಳಿವೆ. ಒಂದು, ಡಿಮ್ಯಾಟ್ ರೂಪದ ಹಕ್ಕುಗಳು ಎಕ್ಸ್‌ಚೇಂಜ್‌ನಲ್ಲಿ ವಹಿವಾಟಾದದ್ದು ಇಲ್ಲೇ ಮೊದಲು. ಹಾಗಾಗಿ ಪುಸ್ತಕದ ಲೆಕ್ಕವನ್ನು ಮಾರುಕಟ್ಟೆಯ ಬೆಲೆಯ ಪಕ್ಕ ಇಟ್ಟು ನೋಡಬಹುದು. ಎರಡು, ಹಣವನ್ನು ಕಂತಿನಲ್ಲಿ ಕಟ್ಟಲು ಅವಕಾಶ ಇತ್ತು. ಪುಸ್ತಕದ ಸೂತ್ರ ಸ್ವಲ್ಪ ತಡವರಿಸೋದು ಅಲ್ಲೇ.

ಬೆರೆತ ಮೇಲಿನ ಬೆಲೆ

ಹದಿನೈದು ಸೇರು ಅಕ್ಕಿ ಒಂದು ದರದ್ದು, ಒಂದು ಸೇರು ಅದಕ್ಕಿಂತ ಅಗ್ಗದ್ದು. ಎರಡನ್ನೂ ಒಂದೇ ಡಬ್ಬಕ್ಕೆ ಸುರಿದರೆ ಆಮೇಲೆ ಯಾವ ಕಾಳು ಯಾವುದು ಅಂತ ಹೇಳೋಕಾಗಲ್ಲ. ಹದಿನಾರೂ ಸೇರಿಗೆ ಒಂದೇ ಸರಾಸರಿ ದರ. ರೈಟ್ಸ್ ಇಶ್ಯೂ ಆದ ಮೇಲೆ ಷೇರಿಗೆ ಆಗೋದೂ ಇದೇ. ಹಳೆ ಷೇರು, ಹೊಸ ಷೇರು ಎಂಬ ಭೇದ ಇರೋದಿಲ್ಲ. ಎಲ್ಲದಕ್ಕೂ ಕಂಪನಿಯಲ್ಲಿ ಒಂದೇ ಪಾಲು.

ಲೆಕ್ಕ ಹೀಗೆ:

(15 × 1,467 + 1 × 1,257) ÷ 16 = 23,262 ÷ 16 = ₹1,453.88

ಇದೇ ಸೈದ್ಧಾಂತಿಕ ಎಕ್ಸ್-ರೈಟ್ಸ್ ಬೆಲೆ. ಷೇರಿನ ಮೇಲಿದ್ದ ಹಕ್ಕು ಕಳಚಿಕೊಂಡ ನಂತರ, ಬೇರೇನೂ ಬದಲಾಗದಿದ್ದರೆ ಷೇರು ಎಲ್ಲಿ ನಿಲ್ಲಬೇಕು ಅನ್ನೋದರ ಅಂದಾಜು. ‘ಬೇರೇನೂ ಬದಲಾಗದಿದ್ದರೆ’ ಅನ್ನೋದನ್ನು ಮರೆಯಬಾರದು. ಇದು ಭವಿಷ್ಯವಾಣಿ ಅಲ್ಲ. ಬಂದ ₹53 ಸಾವಿರ ಕೋಟಿಯಲ್ಲಿ ಕಂಪನಿ ಏನು ಮಾಡುತ್ತದೆ, ಆ ಹಣದಿಂದ ಒಂದು ರೂಪಾಯಿಗೆ ಒಂದೇ ರೂಪಾಯಿ ಬೆಲೆ ಹುಟ್ಟುತ್ತದೋ ಜಾಸ್ತಿಯೋ ಕಡಿಮೆಯೋ, ಇದ್ಯಾವುದೂ ಸೂತ್ರದಲ್ಲಿಲ್ಲ. ಬಂದ ಹಣ ಬಂದಷ್ಟೇ ಬೆಲೆಬಾಳುತ್ತದೆ ಎಂದು ಅದು ಸುಮ್ನೆ ಒಪ್ಪಿಕೊಂಡುಬಿಡುತ್ತದೆ.

ಇನ್ನು ಹಕ್ಕಿನ ಬೆಲೆ. ₹1,257 ಕೊಟ್ಟು ₹1,453.88 ಬೆಲೆಯ ಷೇರು ಪಡೆಯುವ ಅವಕಾಶಕ್ಕೆ ಎಷ್ಟು ಬೆಲೆ? ವ್ಯತ್ಯಾಸದಷ್ಟು, ಅಂದರೆ ₹196.88. ₹210 ಅಲ್ಲ. ಆ ₹210ರಲ್ಲಿ ಸುಮಾರು ₹13 ಎಲ್ಲಿ ಹೋಯಿತು? ಅಗ್ಗದ ಷೇರು ಬೆರೆತಿದ್ದಕ್ಕೆ ಪ್ರತಿ ಷೇರಿನ ಬೆಲೆ ₹13.12ರಷ್ಟು ಇಳಿಯಿತಲ್ಲ, ಅದೇ.

ಇಲ್ಲೇ ಜನ ಎಡವುವ ಮೊದಲ ಜಾಗ ಬರುತ್ತದೆ. ‘ಒಂದು ಹಕ್ಕಿನ ಬೆಲೆ’ ಅಂದಾಗ ಎರಡು ಬೇರೆ ಸಂಖ್ಯೆಗಳು ಓಡಾಡುತ್ತವೆ. ಒಂದು, ಒಂದು ಹೊಸ ಷೇರು ಕೊಳ್ಳುವ ಹಕ್ಕಿನ ಬೆಲೆ: ₹196.88. ಇನ್ನೊಂದು, ಒಂದು ಹಳೆ ಷೇರಿಗೆ ಅಂಟಿಕೊಂಡಿರುವ ಹಕ್ಕಿನ ಬೆಲೆ: ₹13.12. ಎರಡನೆಯದನ್ನು ಹದಿನೈದರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ಹಳೆಯ ಪಠ್ಯಪುಸ್ತಕಗಳು ಹೆಚ್ಚಾಗಿ ಎರಡನೆಯದನ್ನೇ ಹಕ್ಕಿನ ಬೆಲೆ ಎನ್ನುತ್ತವೆ. ಭಾರತದ ಡಿಮ್ಯಾಟ್ ಖಾತೆಗೆ ಬಂದು ಕೂರುವ ‘ರೈಟ್ಸ್ ಎಂಟೈಟಲ್‌ಮೆಂಟ್’, ಅಂದರೆ ಎಲ್ಲರ ಬಾಯಲ್ಲಿ ಆರ್‌ಇ, ಮೊದಲನೆಯದು. ಒಂದು ಆರ್‌ಇ ಇದ್ದರೆ ಒಂದು ಹೊಸ ಷೇರಿಗೆ ಅರ್ಜಿ ಹಾಕಬಹುದು. ಪರೀಕ್ಷೆಯ ಪ್ರಶ್ನೆಯಲ್ಲಾಗಲಿ ಮಾರುಕಟ್ಟೆಯಲ್ಲಾಗಲಿ, ಯಾವುದರ ಬೆಲೆ ಕೇಳುತ್ತಿದ್ದಾರೆ ಎಂದು ಮೊದಲು ನೋಡಿಕೊಳ್ಳಿ.

ನೂರೈವತ್ತು ಷೇರಿನ ಮೇಷ್ಟ್ರು

ಲೆಕ್ಕ ಕೈಗೆ ಹತ್ತಲಿ ಅಂತ ಒಬ್ಬ ನಿವೃತ್ತ ಮೇಷ್ಟ್ರನ್ನು ಕಲ್ಪಿಸಿಕೊಳ್ಳೋಣ. ಅವರ ಹತ್ತಿರ 150 ರಿಲಯನ್ಸ್ ಷೇರು ಇವೆ. ₹1,467ರಂತೆ ಅವುಗಳ ಬೆಲೆ ₹2,20,050. ಅವರಿಗೆ 10 ಆರ್‌ಇ ಬರುತ್ತವೆ. ಕಂತಿನ ವಿಷಯ ಸದ್ಯಕ್ಕೆ ಬದಿಗಿಡೋಣ.

ಅವರು ಹತ್ತೂ ಷೇರಿಗೆ ದುಡ್ಡು ಕಟ್ಟಿದರು ಅಂತಿಟ್ಟುಕೊಳ್ಳಿ. ₹12,570 ಹೋಯಿತು. ಈಗ 160 ಷೇರು, ತಲಾ ₹1,453.88ರಂತೆ ₹2,32,620. ಕಟ್ಟಿದ ₹12,570 ಕಳೆಯಿರಿ. ₹2,20,050. ಮೊದಲು ಎಷ್ಟಿತ್ತೋ ಅಷ್ಟೇ.

ದುಡ್ಡು ಕಟ್ಟುವ ಮನಸ್ಸಿಲ್ಲ, ಹತ್ತು ಆರ್‌ಇಗಳನ್ನೂ ಮಾರಿಬಿಟ್ಟರು ಅಂತಿಟ್ಟುಕೊಳ್ಳಿ. ತಲಾ ₹196.88ರಂತೆ ₹1,968.75 ಬಂತು. ಉಳಿದ 150 ಷೇರಿನ ಬೆಲೆ ₹2,18,081.25. ಕೂಡಿಸಿದರೆ ಮತ್ತೆ ₹2,20,050.

ಮೂರನೇ ದಾರಿ, ಸುಮ್ನಿರೋದು. ಇಮೇಲ್ ನೋಡಲಿಲ್ಲ, ಅಥವಾ ನೋಡಿಯೂ ‘ನಮಗ್ಯಾಕೆ’ ಎಂದು ಬಿಟ್ಟರು. ಆಗ ಅವರ ಹತ್ತಿರ ಉಳಿಯೋದು ₹2,18,081.25 ಮಾತ್ರ. ₹1,968.75 ಹೋಯಿತು. ಕಳೆದುಹೋದದ್ದು ಅವರ ಕಣ್ಣಿಗೆ ಬೀಳುವುದೂ ಇಲ್ಲ. ಯಾಕೆಂದರೆ ಖಾತೆಯಲ್ಲಿ 150 ಷೇರು ಹಾಗೇ ಇವೆ, ಬ್ಯಾಂಕಿನಿಂದ ಒಂದು ರೂಪಾಯಿಯೂ ಹೋಗಿಲ್ಲ. ಬೆಲೆ ಶೇ 0.9ರಷ್ಟು ಇಳಿದದ್ದು ದಿನನಿತ್ಯದ ಏರಿಳಿತದಲ್ಲಿ ಮುಚ್ಚಿಹೋಗುತ್ತದೆ.

ಹಾಗಾಗಿ ‘ರೈಟ್ಸ್‌ಗೆ ಅರ್ಜಿ ಹಾಕಿದರೆ ಲಾಭವೇ?’ ಅನ್ನೋ ಪ್ರಶ್ನೆಯೇ ಸ್ವಲ್ಪ ತಪ್ಪು. ಹಾಕಿದರೆ ಲಾಭವೂ ಇಲ್ಲ, ಮಾರಿದರೆ ನಷ್ಟವೂ ಇಲ್ಲ. ಸುಮ್ನಿದ್ದರೆ ಮಾತ್ರ ನಷ್ಟ. ಆ ನಷ್ಟ ಗಾಳಿಗೆ ಹೋಗುವುದಿಲ್ಲ. ಹೆಚ್ಚುವರಿ ಷೇರಿಗೆ ಅರ್ಜಿ ಹಾಕಿದವರ ಜೇಬಿಗೆ ಹೋಗುತ್ತದೆ. ರಿಲಯನ್ಸ್‌ನಲ್ಲಿ ಬೇಡಿಕೆ 1.59 ಪಟ್ಟು ಬಂದಿತ್ತು. ಯಾರೋ ಬಿಟ್ಟ ಷೇರನ್ನು ಎತ್ತಿಕೊಳ್ಳಲು ಜನ ಕಾದು ನಿಂತಿದ್ದರು ಎಂದರ್ಥ.

ನಡುವಿನ ದಾರಿಯೂ ಇದೆ. ಕೆಲವು ಹಕ್ಕು ಮಾರಿ, ಬಂದ ದುಡ್ಡಲ್ಲೇ ಉಳಿದವಕ್ಕೆ ಕಟ್ಟುವುದು. ಇಲ್ಲಿ ಅರ್ಜಿಯ ಜೊತೆ ಕಟ್ಟಬೇಕಿದ್ದದ್ದು ₹314.25 ಮಾತ್ರ. ಮೇಷ್ಟ್ರು ಆರು ಆರ್‌ಇ ಮಾರಿದರೆ ₹1,181 ಬರುತ್ತದೆ. ನಾಲ್ಕು ಷೇರಿಗೆ ಮೊದಲ ಕಂತು ₹1,257. ಕೈಯಿಂದ ₹76 ಹಾಕಿದರೆ ಸಾಕು. ಆದರೆ ಮುಂದಿನ ಕಂತುಗಳು ಬಾಗಿಲಿಗೆ ಬಂದು ನಿಲ್ಲುತ್ತವೆ, ಆಗ ಬೇರೆ ದುಡ್ಡು ಹುಡುಕಬೇಕು.

ಹದಿನೈದಕ್ಕಿಂತ ಕಡಿಮೆ ಷೇರು ಇದ್ದವರ ಕಥೆ? ಅವರಿಗೆ ಆರ್‌ಇ ಸೊನ್ನೆ. ಭಿನ್ನಾಂಕವನ್ನು ಬಿಟ್ಟುಬಿಡುತ್ತಾರೆ. ಆದರೆ ಅವರು ಹೆಚ್ಚುವರಿ ಷೇರಿಗೆ ಅರ್ಜಿ ಹಾಕಿದರೆ ಒಂದು ಷೇರಿನ ಮಟ್ಟಿಗೆ ಆದ್ಯತೆ ಇರುತ್ತದೆ. ಹತ್ತು ಷೇರಿನ ಸಣ್ಣ ಹೂಡಿಕೆದಾರರಿಗೆ ಇದು ನಿಜಕ್ಕೂ ಕೆಲಸಕ್ಕೆ ಬರುವ ಅಂಶ. ಬೆಲೆ ಇಳಿಕೆಯಲ್ಲಿ ಅವರು ಕಳೆದುಕೊಂಡದ್ದು ಹತ್ತು ಷೇರಿಗೆ ₹131. ಆದ್ಯತೆಯಲ್ಲಿ ಒಂದು ಷೇರು ಸಿಕ್ಕರೆ ಅವರಿಗೆ ದಕ್ಕೋದು ₹197.

ಸೂತ್ರವನ್ನು ಎರಡು ಸಲ ಬಳಸುವ ತಪ್ಪು

ಈಗ ತಾರೀಖುಗಳಿಗೆ ಬರೋಣ. ರೆಕಾರ್ಡ್ ಡೇಟ್, ಅಂದರೆ ಯಾರ ಖಾತೆಯಲ್ಲಿ ಷೇರು ಇದ್ದರೆ ಹಕ್ಕು ಸಿಗುತ್ತದೆ ಎಂದು ನೋಡುವ ದಿನ, ಮೇ 14. ಆಗ ಷೇರು ಕೊಂಡ ಎರಡು ದಿನಕ್ಕೆ ಖಾತೆಗೆ ಬರುತ್ತಿತ್ತು. ಹಾಗಾಗಿ ಮೇ 12ರವರೆಗೆ ಕೊಂಡವರಿಗೆ ಹಕ್ಕು ಸಿಕ್ಕಿತು, ಮೇ 13ರಂದು ಕೊಂಡವರಿಗೆ ಇಲ್ಲ. ಮೇ 13ರಿಂದ ಷೇರು ಎಕ್ಸ್-ರೈಟ್ಸ್. ಆರ್‌ಇಗಳ ವಹಿವಾಟು ಶುರುವಾದದ್ದು ಮೇ 20ಕ್ಕೆ. ನಡುವಿನ ಒಂದು ವಾರ ಹಕ್ಕು ನಿಮ್ಮದು, ಆದರೆ ಮಾರಲು ಮಾರುಕಟ್ಟೆ ಇಲ್ಲ.

ನಿಜವಾಗಿ ಸೂತ್ರಕ್ಕೆ ಹಾಕಬೇಕಾದ ಬೆಲೆ, ಹಕ್ಕು ಅಂಟಿಕೊಂಡಿದ್ದ ಕೊನೆಯ ದಿನದ ಮುಕ್ತಾಯ ಬೆಲೆ. ಮೇಲಿನ ಲೆಕ್ಕಕ್ಕೆ ನಾನು ₹1,467 ಹಿಡಿದದ್ದು ಇಶ್ಯೂ ಬೆಲೆ ನಿಗದಿಯಾದ ದಿನದ್ದು ಅನ್ನೋ ಕಾರಣಕ್ಕೆ. ಬೇರೆ ದಿನದ ಬೆಲೆ ಹಾಕಬೇಕೆಂದರೆ ಒಂದು ಸುಲಭ ದಾರಿ ಇದೆ. ಹಕ್ಕು ಸೇರಿದ ಬೆಲೆ ₹16 ಬದಲಾದರೆ ಎಕ್ಸ್-ರೈಟ್ಸ್ ಬೆಲೆ ₹15 ಬದಲಾಗುತ್ತದೆ. ಆರ್‌ಇ ಬೆಲೆಯೂ ₹15 ಬದಲಾಗುತ್ತದೆ. ಚುಟುಕಾಗಿ ಬರೆದರೆ:

ಆರ್‌ಇ ಬೆಲೆ = (15 ÷ 16) × (ಹಕ್ಕು ಸೇರಿದ ಬೆಲೆ − 1,257)

₹1,467 ಹಾಕಿ ನೋಡಿ. 210ರಲ್ಲಿ ಹದಿನಾರರಲ್ಲಿ ಹದಿನೈದು ಭಾಗ, 196.88. ಸರಿ ಹೊಂದುತ್ತದೆ.

ಆದರೆ ಷೇರು ಒಮ್ಮೆ ಎಕ್ಸ್ ಆದ ಮೇಲೆ ಈ ಸೂತ್ರದ ಕೆಲಸ ಮುಗಿಯಿತು. ಮೇ 19ರಂದು ಷೇರು ₹1,408.90ಕ್ಕೆ ಮುಗಿದಿತ್ತು. ಮರುದಿನ ಆರ್‌ಇ ವಹಿವಾಟಿಗೆ ಎಕ್ಸ್‌ಚೇಂಜ್ ಆಧಾರ ಬೆಲೆಯಾಗಿ ಇಟ್ಟದ್ದು ₹151.90. ಹೇಗೆ ಬಂತು? 1,408.90ರಲ್ಲಿ 1,257 ಕಳೆದರೆ ಅಷ್ಟೇ. ಹದಿನಾರರಿಂದ ಭಾಗಿಸುವ ಮಾತೇ ಇಲ್ಲ. ಯಾಕೆಂದರೆ ₹1,408.90ರಲ್ಲಿ ಬೆರಕೆಯ ಪರಿಣಾಮ ಆಗಲೇ ಸೇರಿಹೋಗಿದೆ. ಹಕ್ಕು ಕಳಚಿಕೊಂಡ ಬೆಲೆ ಅದು.

ಈ ಬೆಲೆಯನ್ನೇ ಮತ್ತೆ ಸೂತ್ರಕ್ಕೆ ಹಾಕಿದರೆ ಎಕ್ಸ್-ರೈಟ್ಸ್ ಬೆಲೆ ₹1,399.41 ಎಂದೂ, ಆರ್‌ಇ ₹142.41 ಎಂದೂ ಬರುತ್ತದೆ. ನೋಡಲು ಸರಿ ಇರುವ ಹಾಗೇ ಕಾಣುತ್ತದೆ. ಆದರೆ ಬೆರಕೆಯನ್ನು ಎರಡು ಸಲ ಕಳೆದಂತಾಯಿತು. ಇಲ್ಲಿ ಅನುಪಾತ ಸಣ್ಣದು, ಹಾಗಾಗಿ ತಪ್ಪು ₹9.50ರಷ್ಟೇ. ದೊಡ್ಡ ಅನುಪಾತದ ಇಶ್ಯೂನಲ್ಲಿ ಇದೇ ತಪ್ಪು ಲೆಕ್ಕವನ್ನೇ ಹಾಳುಮಾಡುತ್ತದೆ. ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ನನ್ನ ಕೈಯಲ್ಲಿರುವ ಬೆಲೆಗೆ ಈ ಷೇರು ಕೊಂಡರೆ ನನಗೆ ಹಕ್ಕು ಬರುತ್ತದಾ? ಬರುವುದಾದರೆ ಸೂತ್ರ ಬೇಕು. ಬರದಿದ್ದರೆ ಬರೀ ಕಳೆಯುವುದು.

ದೊಡ್ಡ ಅನುಪಾತ ಅಂದೆನಲ್ಲ, ಅದಕ್ಕೊಂದು ಹೋಲಿಕೆ. ಹಿಂದಿನ ವರ್ಷ, 2019ರಲ್ಲಿ, ವೊಡಾಫೋನ್ ಐಡಿಯಾ ₹25,000 ಕೋಟಿಯ ರೈಟ್ಸ್ ತಂದಿತ್ತು. ಪ್ರತಿ 38 ಷೇರಿಗೆ 87 ಹೊಸ ಷೇರು, ಬೆಲೆ ₹12.50. ಹಕ್ಕು ಸೇರಿದ ಬೆಲೆ ₹30 ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಗ ಎಕ್ಸ್-ರೈಟ್ಸ್ ಬೆಲೆ ₹17.82. ಷೇರು ಶೇ 40ರಷ್ಟು ‘ಬಿದ್ದ’ ಹಾಗೆ ಕಾಣುತ್ತದೆ, ಆದರೆ ಹಕ್ಕನ್ನು ಬಳಸಿದವರಿಗೆ ಇದರಲ್ಲಿ ನಷ್ಟ ಏನೂ ಇಲ್ಲ. ಹೊಸ ಷೇರಿನ ಹಕ್ಕಿಗೆ ₹5.32, ಹಳೆ ಷೇರಿಗೆ ಅಂಟಿದ ಹಕ್ಕಿಗೆ ₹12.18. ರಿಲಯನ್ಸ್‌ನಲ್ಲಿ ಹೊಸ ಷೇರಿನ ಹಕ್ಕು ದೊಡ್ಡ ಸಂಖ್ಯೆ, ಹಳೆ ಷೇರಿನದು ಸಣ್ಣದು. ಇಲ್ಲಿ ಉಲ್ಟಾ. ಇಂಥ ಇಶ್ಯೂನಲ್ಲಿ ಸುಮ್ನಿದ್ದವರು ತಮ್ಮ ಆಸ್ತಿಯ ಐದರಲ್ಲಿ ಎರಡು ಭಾಗ ಬಿಟ್ಟುಕೊಟ್ಟ ಹಾಗೆ. ರಿಲಯನ್ಸ್‌ನಲ್ಲಿ ಅದು ನೂರಕ್ಕೆ ಒಂದು ಭಾಗವೂ ಇರಲಿಲ್ಲ.

ಮೇ 20: ಮಾರುಕಟ್ಟೆ ಹೇಳಿದ ಬೆಲೆ

ರಿಲಯನ್ಸ್‌ಗೆ ವಾಪಸ್ ಬರೋಣ. ಮೇ 20ರಂದು ಎನ್‌ಎಸ್‌ಇಯಲ್ಲಿ ಆರ್‌ಇ ₹158.05ಕ್ಕೆ ಶುರುವಾಗಿ ₹212ರ ಹತ್ತಿರ ಮುಗಿಯಿತು. ಆಧಾರ ಬೆಲೆಗಿಂತ ಸುಮಾರು ಶೇ 40 ಜಾಸ್ತಿ. ಅದೇ ದಿನ ಮೂಲ ಷೇರು ಏರಿದ್ದು ಶೇ 2ರ ಆಸುಪಾಸು.

ಈ ಜಿಗಿತದ ಒಂದು ಭಾಗ ಅರ್ಥವಾಗುವಂಥದ್ದೇ. ₹1,400 ಚಿಲ್ಲರೆಯ ಷೇರು ₹25 ಏರಿದರೆ ಅದು ಶೇ 2 ಕೂಡ ಅಲ್ಲ. ₹152ರ ಆರ್‌ಇ ಅದೇ ₹25 ಏರಿದರೆ ಶೇ 16. ₹1,257 ಅನ್ನೋ ಗೆರೆ ಅಲ್ಲಾಡುವುದಿಲ್ಲವಲ್ಲ. ಷೇರಿನ ಪ್ರತಿ ರೂಪಾಯಿ ಏರಿಳಿತವೂ ನೇರ ಆರ್‌ಇ ಮೇಲೆ ಬೀಳುತ್ತದೆ. ಇಳಿದಾಗಲೂ ಹೀಗೇ. ಷೇರು ಶೇ 11ರಷ್ಟು ಬಿದ್ದಿದ್ದರೆ ಈ ಕಳೆಯುವ ಲೆಕ್ಕದಲ್ಲಿ ಆರ್‌ಇ ಬೆಲೆ ಸೊನ್ನೆಗೆ ಬರುತ್ತಿತ್ತು.

ಆದರೆ ಇಷ್ಟರಿಂದ ₹212 ಬರುವುದಿಲ್ಲ. ಬರೀ ಕಳೆಯುವ ಲೆಕ್ಕದಲ್ಲಿ ಆರ್‌ಇಗೆ ₹212 ಬೆಲೆ ಬರಬೇಕಾದರೆ ಷೇರು ₹1,469 ಮುಟ್ಟಬೇಕಿತ್ತು. ಆ ದಿನ ಅಲ್ಲಿಗೆ ಮುಟ್ಟಲಿಲ್ಲ. ಹಾಗಾದರೆ ಕೊಂಡವರೆಲ್ಲ ಮೋಸಹೋದರಾ? ಹೊಸ ವಸ್ತು, ಹೊಸ ಮಾರುಕಟ್ಟೆ, ಗೊತ್ತಿಲ್ಲದೆ ಕೊಂಡವರೂ ಇದ್ದಿರಬಹುದು. ಆದರೆ ಮುಖ್ಯ ಕಾರಣ ಬೇರೆ ಇದೆ. ನಾವು ಬದಿಗಿಟ್ಟಿದ್ದ ಕಂತು.

₹1,257 ಅನ್ನು ಒಂದೇ ಸಲ ಕಟ್ಟಬೇಕಿರಲಿಲ್ಲ. ಅರ್ಜಿ ಜೊತೆ ₹314.25. 2021ರ ಮೇ ತಿಂಗಳಲ್ಲಿ ಇನ್ನೊಂದು ₹314.25. ಉಳಿದ ₹628.50 ಅದೇ ವರ್ಷ ನವೆಂಬರ್‌ನಲ್ಲಿ. ಒಂದೂವರೆ ವರ್ಷ ಬಿಟ್ಟು ಕಟ್ಟುವ ರೂಪಾಯಿ ಇವತ್ತಿನ ರೂಪಾಯಿಗಿಂತ ಹಗುರ. ವರ್ಷಕ್ಕೆ ಶೇ 7 ಬಡ್ಡಿ ಎಂದು ಹಿಡಿದರೆ, ಮೂರೂ ಕಂತುಗಳ ಇವತ್ತಿನ ಬೆಲೆ ಹೀಗೆ ಬರುತ್ತದೆ:

314.25 + 293.69 + 567.85 ≈ ₹1,176

ಅಂದರೆ ನಿಜವಾದ ಇಶ್ಯೂ ಬೆಲೆ ₹1,257 ಅಲ್ಲ, ಸುಮಾರು ₹1,176. ಆರ್‌ಇ ಬೆಲೆಗೆ ₹81 ಹೆಚ್ಚುವರಿ ಸೇರಿಕೊಂಡಿತು. ಈ ಲೆಕ್ಕದಲ್ಲಿ ಮೇ 19ರ ಬೆಲೆಗೇ ಆರ್‌ಇ ₹233 ಬಾಳುತ್ತಿತ್ತು. ಎಕ್ಸ್‌ಚೇಂಜ್ ಇಟ್ಟ ₹151.90 ಬರೀ ಶುರು ಮಾಡಲು ಒಂದು ಆಧಾರ, ಬೆಲೆ ಕಟ್ಟುವಿಕೆ ಅಲ್ಲ.

ಇನ್ನೂ ಒಂದು ಸಂಗತಿ ಇತ್ತು. ಕಂತು ಕಟ್ಟುವ ಹೊತ್ತಿಗೆ ಷೇರು ಪಾತಾಳಕ್ಕೆ ಹೋಗಿದ್ದರೆ, ಮುಂದಿನ ಕಂತು ಕಟ್ಟದೆ ಕೈಬಿಡುವ ದಾರಿ ವ್ಯವಹಾರದಲ್ಲಿ ಉಳಿದಿರುತ್ತದೆ. ಕಟ್ಟಿದ್ದು ಮುಟ್ಟುಗೋಲಾಗುತ್ತದೆ, ಅಲ್ಲಿಗೆ ನಷ್ಟಕ್ಕೊಂದು ಮಿತಿ ಬೀಳುತ್ತದೆ. 2020ರ ಮೇ ತಿಂಗಳ ಅನಿಶ್ಚಿತತೆಯಲ್ಲಿ ಇದಕ್ಕೂ ಅಷ್ಟಿಷ್ಟು ಬೆಲೆ ಇತ್ತು.

ಹಾಗಾದರೆ ಮಾರುಕಟ್ಟೆ ಈ ₹81ನ್ನೂ ಪೂರ್ತಿ ಯಾಕೆ ಕೊಡಲಿಲ್ಲ? ನನ್ನ ಅಂದಾಜಿನಲ್ಲಿ ಕಾರಣಗಳು ಸರಳ. ಭಾಗಶಃ ಪಾವತಿಯಾದ ಷೇರಿಗೆ ಡಿವಿಡೆಂಡ್ ಕೂಡ ಕಟ್ಟಿದಷ್ಟಕ್ಕೇ ಸಿಗುತ್ತದೆ. ಅದರ ಮಾರುಕಟ್ಟೆ ಮೂಲ ಷೇರಿನಷ್ಟು ಆಳವಾಗಿರುವುದಿಲ್ಲ. ಬೆಲೆ ತಪ್ಪಿದ್ದಾಗ ತಿದ್ದುವವರಿಗೂ ಆರ್‌ಇಯಲ್ಲಿ ಕೈ ಕಟ್ಟಿತ್ತು. ಇದ್ದದ್ದು ಟ್ರೇಡ್-ಟು-ಟ್ರೇಡ್ ವಹಿವಾಟು. ಬೆಳಿಗ್ಗೆ ಕೊಂಡು ಸಂಜೆ ಮಾರೋದು ನಡೆಯದು, ಕೊಂಡದ್ದನ್ನು ಪಡೆಯಲೇಬೇಕು, ಮಾರಿದ್ದನ್ನು ಕೊಡಲೇಬೇಕು.

ಇಲ್ಲೊಂದು ವಿಚಿತ್ರ ತಪ್ಪನ್ನೂ ಹೇಳಬೇಕು. ಕಂತಿನ ಇಶ್ಯೂ ಎಂದು ತಿಳಿದ ಕೆಲವರು ಮೂಲ ಸೂತ್ರದಲ್ಲೇ ₹1,257ರ ಬದಲು ₹314.25 ಹಾಕುತ್ತಾರೆ. ಆಗ ಎಕ್ಸ್-ರೈಟ್ಸ್ ಬೆಲೆ ₹1,394.95 ಬರುತ್ತದೆ. ಇದು ಯಾವುದರ ಬೆಲೆಯೂ ಅಲ್ಲ. ಸರಾಸರಿ ತೆಗೆಯಬೇಕಾದರೆ ಎರಡೂ ಒಂದೇ ತರಹದ ಷೇರು ಆಗಿರಬೇಕು. ₹314.25 ಕಟ್ಟಿ ಸಿಗುವುದು ಪೂರ್ತಿ ಷೇರಲ್ಲ, ₹942.75 ಬಾಕಿ ಹೊತ್ತ ಷೇರು. ಮಾರುಕಟ್ಟೆಯಲ್ಲೂ ಅದಕ್ಕೆ ಬೇರೆಯದೇ ಹೆಸರು, ಬೇರೆಯದೇ ಬೆಲೆ. ಆದ್ದರಿಂದ ಸೂತ್ರಕ್ಕೆ ಹೋಗಬೇಕಾದದ್ದು ₹1,257, ಅಥವಾ ಇನ್ನೂ ಕರಾರುವಾಕ್ಕಾಗಿ ಬೇಕೆಂದರೆ ಇವತ್ತಿನ ಬೆಲೆಗೆ ತಂದ ₹1,176. ಎರಡನೆಯದನ್ನು ಹಾಕಿದರೆ ಎಕ್ಸ್-ರೈಟ್ಸ್ ಬೆಲೆ ₹1,448.81. ಐದು ರೂಪಾಯಿಯ ವ್ಯತ್ಯಾಸ. ಹದಿನೈದಕ್ಕೊಂದು ಅನುಪಾತದಲ್ಲಿ ಕಂತಿನ ಪ್ರಭಾವ ಮೂಲ ಷೇರಿನ ಮೇಲೆ ಅಷ್ಟೇ. ಆರ್‌ಇ ಮೇಲೆ ಮಾತ್ರ ಭಾರಿ.

ಜೂನ್ 15ರಂದು ಈ ಭಾಗಶಃ ಪಾವತಿಯ ಷೇರುಗಳು ಪಟ್ಟಿಯಾದಾಗ ಇದು ಕಣ್ಣಿಗೇ ಕಂಡಿತು. ಬೆಲೆ ₹690ರ ಆಸುಪಾಸು ತೆರೆಯಿತು. ಬಾಕಿ ₹942.75 ಕೂಡಿಸಿದರೆ ₹1,633. ಅದೇ ದಿನ ಪೂರ್ತಿ ಪಾವತಿಯಾದ ಷೇರು ₹1,600ರ ಆಸುಪಾಸಿನಲ್ಲಿತ್ತು. ಒಂದೇ ಕಂಪನಿ, ಕೊನೆಗೆ ಒಂದೇ ಷೇರು. ಆದರೂ ಕಂತಿನದ್ದಕ್ಕೆ ಜನ ಸ್ವಲ್ಪ ಜಾಸ್ತಿ ಕೊಡುತ್ತಿದ್ದರು. ಆ ಜಾಸ್ತಿ ಅಂದರೆ ತಡವಾಗಿ ಕಟ್ಟುವ ಸೌಲಭ್ಯದ ಬೆಲೆ.

ಮೇ 29 ಮತ್ತು ಜೂನ್ 3ರ ನಡುವೆ

ಆರ್‌ಇ ವಹಿವಾಟಿನ ಕೊನೆಯ ದಿನ ಮೇ 29, ಶುಕ್ರವಾರ. ಇಶ್ಯೂ ಮುಗಿದದ್ದು ಜೂನ್ 3, ಬುಧವಾರ. ಈ ಅಂತರ ಬೇಕೆಂದೇ ಇಟ್ಟದ್ದು. ಶುಕ್ರವಾರ ಕೊಂಡ ಆರ್‌ಇ ಮಂಗಳವಾರ ಖಾತೆಗೆ ಬರುತ್ತಿತ್ತು. ಬುಧವಾರದೊಳಗೆ ಅರ್ಜಿ ಹಾಕಲು ಒಂದು ದಿನ ಸಿಗುತ್ತಿತ್ತು.

ದುಡ್ಡು ಕಳೆದುಕೊಳ್ಳುವ ಜಾಗ ಇದೇ. ಆರ್‌ಇಯನ್ನು ಅಗ್ಗದ ರಿಲಯನ್ಸ್ ಷೇರು ಎಂದುಕೊಂಡು ₹200 ಚಿಲ್ಲರೆಗೆ ಕೊಂಡವರು ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರೆ ಕೆಟ್ಟರು. ಕೊಂಡದ್ದು ಅರ್ಜಿ ಹಾಕುವ ಹಕ್ಕು ಮಾತ್ರ. ಖಾತೆಯಲ್ಲೇ ಹಣ ತಡೆಹಿಡಿಯುವ ಬ್ಯಾಂಕಿನ ಆಸ್ಬಾ ಮೂಲಕವೋ, ಅದಕ್ಕಾಗಿ ಇಟ್ಟಿದ್ದ ಬೇರೆ ದಾರಿಯಲ್ಲೋ ಅರ್ಜಿ ಹಾಕಿ ಕಂತು ಕಟ್ಟದಿದ್ದರೆ ಜೂನ್ 3ರ ನಂತರ ಆ ಆರ್‌ಇ ರದ್ದು. ತಾನಾಗಿಯೇ ಷೇರಾಗುವುದಿಲ್ಲ, ಹಣವೂ ವಾಪಸ್ ಬರುವುದಿಲ್ಲ. ಖಾತೆಯಲ್ಲಿ ಕಂಪನಿಯ ಹೆಸರಿನ ಪಕ್ಕ ‘ಆರ್‌ಇ’ ಎಂಬ ಎರಡಕ್ಷರ ಇದೆಯಾ ನೋಡಿ. ಇದ್ದರೆ ಅದಕ್ಕೊಂದು ಕೊನೆಯ ತಾರೀಖು ಇರುತ್ತದೆ.

ಕೊಳ್ಳುವವರು ಹಾಕಬೇಕಾದ ಲೆಕ್ಕವೂ ಕಷ್ಟದ್ದಲ್ಲ. ಆರ್‌ಇ ₹212ಕ್ಕೆ ಕೊಂಡು ಅರ್ಜಿ ಹಾಕಿದರೆ ಷೇರು ಬೀಳುವುದು ₹1,469ಕ್ಕೆ. ಅಷ್ಟು ಕೊಡುವ ಬದಲು ಮಾರುಕಟ್ಟೆಯಲ್ಲಿ ನೇರವಾಗಿ ಅದಕ್ಕಿಂತ ಅಗ್ಗವಾಗಿ ಸಿಗುತ್ತಿದ್ದ ಷೇರನ್ನೇ ಯಾಕೆ ಕೊಳ್ಳಬಾರದು? ಕೈಯಲ್ಲಿ ಪೂರ್ತಿ ದುಡ್ಡಿದ್ದು, ಅದನ್ನು ಉಳಿತಾಯ ಖಾತೆಯಲ್ಲಿ ಸುಮ್ನೆ ಇಡುವವರಿಗೆ ನೇರ ಷೇರೇ ವಾಸಿ. ಆ ದುಡ್ಡನ್ನು ಒಂದೂವರೆ ವರ್ಷ ಬೇರೆಡೆ ಶೇ 7ಕ್ಕೆ ದುಡಿಸಬಲ್ಲವರಿಗೆ ಆರ್‌ಇ ವಾಸಿ. ₹81ರ ಲಾಭ ಹಾಗೇ ಬರುವುದಿಲ್ಲ, ದುಡಿಸಿದರೆ ಮಾತ್ರ ಬರುತ್ತದೆ.

ಮುಂದೆ ಏನಾಯಿತು ಅನ್ನೋದು ಎಲ್ಲರಿಗೂ ಗೊತ್ತು. ರೈಟ್ಸ್ ಘೋಷಣೆಗೂ ಮೊದಲೇ ಫೇಸ್‌ಬುಕ್‌ನಿಂದ ಶುರುವಾಗಿ, ರಿಲಯನ್ಸ್‌ನ ಜಿಯೋ ಪ್ಲಾಟ್‌ಫಾರ್ಮ್ಸ್‌ಗೆ ಸಾಲುಸಾಲು ಹೂಡಿಕೆ ಬಂದವು. ಜೂನ್‌ನಲ್ಲಿ ಕಂಪನಿ ತಾನು ನಿವ್ವಳ ಸಾಲದಿಂದ ಮುಕ್ತ ಎಂದು ಘೋಷಿಸಿತು. 2021ರ ನವೆಂಬರ್‌ನಲ್ಲಿ ಕೊನೆಯ ಕಂತು ಕಟ್ಟುವ ಹೊತ್ತಿಗೆ ಷೇರು ₹2,000 ದಾಟಿತ್ತು. ಇದನ್ನು ನೋಡಿ ‘ರೈಟ್ಸ್ ಹಾಕಿದವರು ಗೆದ್ದರು’ ಎನ್ನುತ್ತಾರೆ. ಗೆದ್ದದ್ದು ರಿಲಯನ್ಸ್ ಷೇರು ಇಟ್ಟುಕೊಂಡವರು. ರೈಟ್ಸ್ ಹಾಕದೆ, ಆರ್‌ಇ ಮಾರಿ, ಅದೇ ದುಡ್ಡಿಗೆ ಇನ್ನಷ್ಟು ಸೇರಿಸಿ ಮಾರುಕಟ್ಟೆಯಲ್ಲಿ ಷೇರು ಕೊಂಡವರೂ ಹೆಚ್ಚುಕಮ್ಮಿ ಅಷ್ಟೇ ಗೆದ್ದರು.

ತೆರಿಗೆಯ ಲೆಕ್ಕ ಬರೆದಿಡುವವರಿಗೆ ಒಂದು ಮಾತು. ಕಂಪನಿಯಿಂದಲೇ ಬಂದ ಹಕ್ಕಿಗೆ ನಿಮ್ಮ ಖರೀದಿ ಬೆಲೆ ಸೊನ್ನೆ. ಹಾಗಾಗಿ ಮಾರಿದಾಗ ಬಂದದ್ದೆಲ್ಲ ಲಾಭದ ಲೆಕ್ಕಕ್ಕೇ ಹೋಗುತ್ತದೆ, ಷೇರಿನ ಬೆಲೆ ಅಷ್ಟೇ ಇಳಿದಿದ್ದರೂ ಸರಿ. ಮಾರುಕಟ್ಟೆಯಿಂದ ಆರ್‌ಇ ಕೊಂಡು ಅರ್ಜಿ ಹಾಕಿದವರು ಮಾತ್ರ ಆ ₹212ನ್ನೂ ₹1,257ರ ಜೊತೆ ಸೇರಿಸಿ, ಷೇರಿನ ಖರೀದಿ ಬೆಲೆ ₹1,469 ಎಂದು ತೋರಿಸಬೇಕು. ಬ್ರೋಕರ್ ಆ್ಯಪ್ ಇದನ್ನು ತಾನಾಗಿ ಕೂಡಿಸಿರುತ್ತದೆ ಎಂದು ನಂಬಬೇಡಿ. ಆರ್‌ಇ ಕೊಂಡ ದಿನದ ಕಾಂಟ್ರಾಕ್ಟ್ ನೋಟ್, ಮೂರೂ ಕಂತು ಕಟ್ಟಿದ ಪುರಾವೆ, ಎರಡನ್ನೂ ಒಟ್ಟಿಗೆ ತೆಗೆದಿಡಿ.